ವರದಿಗೆ ಸಹಿ ಬಿದ್ದ ಮೇಲೆ: ಆಡಿಟ್ ಫೈಲಿನ ಜೋಡಣೆ, ಲಾಕ್ ಮತ್ತು ಆಮೇಲಿನ ತಿದ್ದುಪಡಿ

ಆಡಿಟ್ ಫೈಲಿನ ಮಟ್ಟಿಗೆ ಎರಡು ದಿನಾಂಕಗಳನ್ನು ನೆನಪಿನಲ್ಲಿ ಇಟ್ಟುಕೊಂಡರೆ ಉಳಿದ ನಿಯಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಒಂದು, ಆಡಿಟರ್ ವರದಿಯ ದಿನಾಂಕ. ಇನ್ನೊಂದು, ಅಂತಿಮ ಫೈಲ್ ಜೋಡಿಸಿ ಮುಗಿಸಿದ ದಿನಾಂಕ, ಅಂದರೆ ಲಾಕ್ ಆದ ದಿನ. ಮೊದಲ ದಿನಾಂಕದವರೆಗೆ ನೀವು ಆಡಿಟ್ ಮಾಡುತ್ತಿದ್ದೀರಿ. ಎರಡರ ನಡುವೆ, ಆಗಲೇ ಮಾಡಿದ ಆಡಿಟ್ಟಿನ ಕಾಗದಗಳನ್ನು ಒಪ್ಪಮಾಡುತ್ತಿದ್ದೀರಿ. ಎರಡನೆಯದು ದಾಟಿದ ಮೇಲೆ ಫೈಲಿಗೆ ಸೇರಿಸಬಹುದು, ಅದಕ್ಕೂ ಷರತ್ತುಗಳಿವೆ, ತೆಗೆಯುವಂತಂತೂ ಇಲ್ಲ.

ಇದಕ್ಕೆ ಆಧಾರ ಅಂತಾರಾಷ್ಟ್ರೀಯ ಆಡಿಟಿಂಗ್ ಮಾನದಂಡ ಐಎಸ್‌ಎ 230. ಜೋಡಣೆಗೆ ಅದು ಸೂಚಿಸುವ ಗಡುವು, ಸಾಮಾನ್ಯವಾಗಿ, ವರದಿಯ ದಿನಾಂಕದಿಂದ 60 ದಿನ. ಭಾರತದ ಎಸ್‌ಎ 230 ಕೂಡ 60 ದಿನ ಎನ್ನುತ್ತದೆ. ಅಮೆರಿಕದ ಲಿಸ್ಟೆಡ್ ಕಂಪನಿಗಳ ಆಡಿಟ್ಟಿಗೆ ಅಲ್ಲಿನ ಆಡಿಟ್ ನಿಯಂತ್ರಕ ಸಂಸ್ಥೆ ಪಿಸಿಎಒಬಿಯ ಗಡುವು ಬಹುಕಾಲ 45 ದಿನ ಇತ್ತು. 2024ರಲ್ಲಿ ಅಂಗೀಕರಿಸಿದ ಬದಲಾವಣೆ ಅದನ್ನು 14 ದಿನಕ್ಕೆ ಇಳಿಸಿ, ಹಂತಹಂತವಾಗಿ ಜಾರಿಗೆ ತಂದಿತು. ಅಲ್ಲಿ ಎಣಿಕೆ ಶುರುವಾಗುವುದು ವರದಿಯ ದಿನಾಂಕದಿಂದಲ್ಲ, ವರದಿಯನ್ನು ಬಳಸಿಕೊಳ್ಳಲು ಅನುಮತಿ ಕೊಟ್ಟ ದಿನದಿಂದ. ಎರಡೂ ಒಂದೇ ದಿನ ಆಗಬೇಕೆಂದೇನೂ ಇಲ್ಲವಾದ್ದರಿಂದ, ಎರಡು ವ್ಯವಸ್ಥೆಗಳಡಿ ಕೆಲಸ ಮಾಡುವ ತಂಡ ಯಾವ ಗಡಿಯಾರ ನೋಡುತ್ತಿದ್ದೇವೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ಈಗ ಒಂದು ಉದಾಹರಣೆ ಹಿಡಿದು ಮುಂದೆ ಹೋಗೋಣ. ಮಾರ್ಚ್ 31ಕ್ಕೆ ವರ್ಷ ಮುಗಿದ ಕಂಪನಿ. ವರದಿಯ ದಿನಾಂಕ ಮೇ 30. ಮೇ 31 ಮೊದಲ ದಿನ ಎಂದು ಎಣಿಸಿದರೆ ಜೂನ್ 30ಕ್ಕೆ 31 ದಿನ, ಜುಲೈ 29ಕ್ಕೆ 60 ದಿನ. ಡೆಟರ್ಸ್ ಪಟ್ಟಿಯಲ್ಲಿ ಒಬ್ಬ ದೊಡ್ಡ ಗ್ರಾಹಕ ಇದ್ದಾನೆ. ಅವನಿಂದ ಬರಬೇಕಾದ ಬಾಕಿ ಮೆಟೀರಿಯಾಲಿಟಿಯ, ಅಂದರೆ ಇದಕ್ಕಿಂತ ದೊಡ್ಡ ತಪ್ಪು ಲೆಕ್ಕಪತ್ರ ಓದುವವರ ನಿರ್ಧಾರವನ್ನು ಬದಲಿಸಬಹುದು ಎಂಬ ಮಿತಿಯ, ಒಂದೂವರೆ ಪಟ್ಟು. ಬಾಕಿ ಮೊತ್ತ ಸರಿಯೇ ಎಂದು ಕೇಳುವ ಬ್ಯಾಲೆನ್ಸ್ ಕನ್ಫರ್ಮೇಶನ್ ಪತ್ರ ಅವನಿಗೆ ಹೋಗಿದೆ. ಈ ಒಂದೇ ಪತ್ರ ಮೂರು ರೀತಿಯಲ್ಲಿ ಮುಂದುವರಿಯಬಹುದು, ಮೂರಕ್ಕೂ ನಿಯಮ ಬೇರೆ ಬೇರೆ.

ಮೊದಲನೆಯದು. ಗ್ರಾಹಕನ ಉತ್ತರ ಮೇ 27ರಂದು ಅಸಿಸ್ಟೆಂಟಿನ ಇಮೇಲಿಗೆ ಬಂತು, ಮೊತ್ತ ತಾಳೆಯಾಯಿತು. ಮರುದಿನ ಅವರು ಮ್ಯಾನೇಜರ್‌ಗೆ ತೋರಿಸಿದರು, ಮ್ಯಾನೇಜರ್ ಒಪ್ಪಿದರು. ಆದರೆ ಪತ್ರ ಫೈಲಿಗೆ ಸೇರಲೇ ಇಲ್ಲ, ಇನ್‌ಬಾಕ್ಸಿನಲ್ಲಿಯೇ ಉಳಿಯಿತು. ಜೂನ್ 12ರಂದು, ಜೋಡಣೆಯ ಹೊತ್ತಿಗೆ, ಅದು ಕಣ್ಣಿಗೆ ಬಿತ್ತು. ಸೇರಿಸಬಹುದೇ? ಧಾರಾಳವಾಗಿ. ವರದಿಯ ದಿನಾಂಕಕ್ಕೆ ಮೊದಲೇ ಸಿಕ್ಕಿದ, ತಂಡದ ಸಂಬಂಧಪಟ್ಟವರು ಚರ್ಚಿಸಿದ ಮತ್ತು ಒಪ್ಪಿದ ಸಾಕ್ಷ್ಯವನ್ನು ದಾಖಲಿಸುವುದು ಆಡಳಿತಾತ್ಮಕ ಬದಲಾವಣೆ ಎಂದೇ ಮಾನದಂಡ ಹೇಳುತ್ತದೆ. ಸಿಕ್ಕಿರಬೇಕು, ಚರ್ಚೆಯಾಗಿರಬೇಕು, ಒಪ್ಪಿಗೆಯಾಗಿರಬೇಕು, ಮೂರೂ ಬೇಕು. ಅಸಿಸ್ಟೆಂಟ್ ಇಮೇಲ್ ತೆರೆದು ನೋಡಿ ಯಾರಿಗೂ ಹೇಳದೆ ಬಿಟ್ಟಿದ್ದರೆ ಈ ವಿನಾಯಿತಿ ಸಿಗುವುದಿಲ್ಲ.

ಸೇರಿಸುವ ರೀತಿ ಮುಖ್ಯ. ಇಮೇಲನ್ನು ಪಿಡಿಎಫ್ ಮಾಡಿ ಹಾಕಿದರೆ ಬಂದ ಸಮಯದ ಪುರಾವೆ ಅರ್ಧ ಕಳೆದುಹೋಗುತ್ತದೆ. ಮೂಲ ಇಮೇಲನ್ನೇ, ಹೆಡರ್ ಸಮೇತ, ಸೇವ್ ಮಾಡಿ ಸೇರಿಸಿ. ಪಕ್ಕದಲ್ಲಿ ಮೂರು ಸಾಲಿನ ಟಿಪ್ಪಣಿ ಸಾಕು: ‘ಉತ್ತರ ಇಮೇಲಿನಲ್ಲಿ ಬಂದದ್ದು ಮೇ 27. ಮ್ಯಾನೇಜರ್ ಜತೆ ಚರ್ಚಿಸಿ ಒಪ್ಪಿದ್ದು ಮೇ 28. ಫೈಲಿಗೆ ಸೇರಿಸಿದ್ದು ಜೂನ್ 12.’ ಸೈನ್‌ಆಫ್ ಜೂನ್ 12ರದ್ದೇ ಇರಲಿ. ಆ ದಿನಾಂಕ ನೋಡಿ ಹೆದರಿ ಹಿಂದಿನ ತಾರೀಖು ಹಾಕುವವರಿದ್ದಾರೆ. ನಿಜವಾದ ತಾರೀಖಿನಲ್ಲಿ ಯಾವ ತಪ್ಪೂ ಇರಲಿಲ್ಲ. ಹಿಂದಿನ ತಾರೀಖು ಹಾಕಿದ ಕ್ಷಣವೇ ಸರಿಯಾದ ಕೆಲಸ ಸುಳ್ಳು ದಾಖಲೆಯಾಗಿಬಿಡುತ್ತದೆ.

ಎರಡನೆಯದು. ಉತ್ತರ ಬರಲೇ ಇಲ್ಲ. ಬಾರದಿದ್ದರೆ ಪರ್ಯಾಯ ಪರೀಕ್ಷೆ ಮಾಡಬೇಕು, ಅಂದರೆ ವರ್ಷ ಮುಗಿದ ಮೇಲೆ ಆ ಗ್ರಾಹಕನಿಂದ ಬಂದ ಹಣವನ್ನು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ನೋಡಬೇಕು, ಮಾಲು ರವಾನೆಯ ದಾಖಲೆ ನೋಡಬೇಕು ಎಂದು ಯೋಜನೆಯಲ್ಲಿ ಬರೆದಿತ್ತು. ಗಡಿಬಿಡಿಯಲ್ಲಿ ಯಾರೂ ಮಾಡಲಿಲ್ಲ, ವರದಿಗೆ ಸಹಿ ಬಿತ್ತು. ಜೂನ್ 5ರಂದು ಅಸಿಸ್ಟೆಂಟ್ ಅದನ್ನು ಗಮನಿಸಿ, ಸ್ಟೇಟ್‌ಮೆಂಟ್ ಇಳಿಸಿಕೊಂಡು ನೋಡಿದರು. ಹಣ ಪೂರ್ತಿ ಬಂದಿದೆ. ಎಲ್ಲ ಸರಿ ಇದೆ.

ಫಲಿತಾಂಶ ಸರಿ ಇದ್ದರೂ ಇದು ಜೋಡಣೆಯ ಕೆಲಸವಲ್ಲ, ಹೊಸ ಪರೀಕ್ಷೆ. ಸಾಕಷ್ಟು ಮತ್ತು ಸೂಕ್ತ ಸಾಕ್ಷ್ಯ ಸಿಕ್ಕ ಮೇಲೆಯೇ ವರದಿಗೆ ದಿನಾಂಕ ಹಾಕಬೇಕು ಎಂಬುದು ನಿಯಮ. ಮೆಟೀರಿಯಾಲಿಟಿಯನ್ನು ಮೀರಿದ ಒಂದು ಬಾಕಿಯ ಮೇಲೆ ಮೇ 30ರಂದು ಕೈಯಲ್ಲಿ ಏನೂ ಇರಲಿಲ್ಲ. ಹೆಚ್ಚು ತಪ್ಪು ನಡೆಯುವುದು ಇಲ್ಲಿಯೇ. ವರ್ಕಿಂಗ್ ಪೇಪರಿನಲ್ಲಿ ‘ಮೇ 29ರಂದು ಪರಿಶೀಲಿಸಲಾಗಿದೆ’ ಎಂದು ಬರೆದು ಒಳಗೆ ಸೇರಿಸಿಬಿಡುತ್ತಾರೆ. ಇಂಥದ್ದು ಹೊರಗೆ ಬರುವ ದಾರಿ ಬಹಳ ಸರಳ: ಆ ಬ್ಯಾಂಕ್ ಸ್ಟೇಟ್‌ಮೆಂಟಿನ ಮೂಲೆಯಲ್ಲಿ ಡೌನ್‌ಲೋಡ್ ಮಾಡಿದ ತಾರೀಖು, ಸಮಯ ಅಚ್ಚಾಗಿರುತ್ತದೆ. ಪರಿಶೀಲನೆ ಮೇ 29ಕ್ಕೆ, ಪರಿಶೀಲಿಸಿದ ಕಾಗದ ಹುಟ್ಟಿದ್ದು ಜೂನ್ 5ಕ್ಕೆ. ತಪಾಸಣೆಗೆ ಬರುವವರು ಮೊದಲು ನೋಡುವುದೇ ಇಂಥ ಮೂಲೆಗಳನ್ನು.

ಹಾಗಾದರೆ ಏನು ಮಾಡಬೇಕು? ಅದೇ ದಿನ, ಈ ಆಡಿಟ್ಟಿನ ಹೊಣೆ ಹೊತ್ತ ಎಂಗೇಜ್‌ಮೆಂಟ್ ಪಾರ್ಟ್ನರ್‌ಗೆ ತಿಳಿಸಬೇಕು. ವರದಿಯ ದಿನಕ್ಕೆ ಬೇರೆ ಯಾವುದಾದರೂ ಪರೀಕ್ಷೆ ಈ ಬಾಕಿಗೆ ಆಧಾರ ಕೊಡುತ್ತಿತ್ತೇ ಎಂದು ಅವರು ನೋಡಬೇಕು. ಇಲ್ಲವಾದರೆ ಬಿಟ್ಟುಹೋದ ಪರೀಕ್ಷೆಯನ್ನು ಈಗ ಮಾಡಿ, ಈಗಿನ ತಾರೀಖಿನಲ್ಲಿಯೇ ಬರೆಯಬೇಕು. ವರದಿಯ ದಿನಾಂಕದ ನಂತರ ಅಪವಾದದ ಸಂದರ್ಭದಲ್ಲಿ ಹೊಸ ಪರೀಕ್ಷೆ ಮಾಡಬೇಕಾಗಿ ಬಂದಾಗ ಏನೇನು ಬರೆಯಬೇಕು ಎಂಬುದಕ್ಕೆ ಐಎಸ್‌ಎ 230 ಒಂದು ಚೌಕಟ್ಟು ಕೊಟ್ಟಿದೆ. ಇಲ್ಲೂ ಅದನ್ನೇ ಹಿಡಿಯಬೇಕು. ಯಾವ ಸಂದರ್ಭ ಎದುರಾಯಿತು; ಯಾವ ಪರೀಕ್ಷೆ ಮಾಡಿದೆವು, ಯಾವ ಸಾಕ್ಷ್ಯ ಸಿಕ್ಕಿತು, ಯಾವ ತೀರ್ಮಾನಕ್ಕೆ ಬಂದೆವು, ವರದಿಯ ಮೇಲೆ ಅದರ ಪರಿಣಾಮ ಏನು; ದಾಖಲೆಯನ್ನು ಯಾರು, ಯಾವಾಗ ಬದಲಿಸಿದರು, ಯಾರು, ಯಾವಾಗ ಪರಿಶೀಲಿಸಿದರು. ನಮ್ಮ ಉದಾಹರಣೆಯಲ್ಲಿ ಅಭಿಪ್ರಾಯ ಬದಲಾಗದು, ವರದಿ ನಿಲ್ಲುತ್ತದೆ. ಪರೀಕ್ಷೆ ತಡವಾಗಿ ನಡೆದದ್ದು ಸಂಸ್ಥೆಯ ಗುಣಮಟ್ಟದ ದಾಖಲೆಯಲ್ಲಿ ಲೋಪ ಎಂದು ಉಳಿಯುತ್ತದೆ. ಒಂದು ಲೋಪ ದಾಖಲಾಗುವುದು ಸಹಿಸಿಕೊಳ್ಳಬಹುದಾದ ನಷ್ಟ. ತಾರೀಖು ತಿದ್ದಿದ್ದು ಸಿಕ್ಕಿಬಿದ್ದರೆ ಆ ಫೈಲಿನ ಯಾವ ಸಹಿಯನ್ನೂ ಆಮೇಲೆ ಯಾರೂ ನಂಬುವುದಿಲ್ಲ.

ಮೂರನೆಯದು. ಜುಲೈ 9, ಅಂದರೆ 40ನೇ ದಿನ. ಕಂಪನಿಯ ವಕೀಲರ ಪತ್ರದಿಂದ ಒಂದು ಸಂಗತಿ ತಿಳಿಯುತ್ತದೆ: ಅದೇ ಗ್ರಾಹಕ ಫೆಬ್ರವರಿಯಲ್ಲಿಯೇ ಮಾಲನ್ನು ತಿರಸ್ಕರಿಸಿ, ಹಣ ಕೊಡುವುದಿಲ್ಲ ಎಂದು ಬರೆದಿದ್ದ. ವರದಿಯ ದಿನ ಇದು ಇತ್ತು, ಆಡಿಟರ್‌ಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಲೆಕ್ಕಪತ್ರ ತಿದ್ದಬೇಕಾಗುತ್ತಿತ್ತು ಅಥವಾ ಅಭಿಪ್ರಾಯ ಬದಲಾಗುತ್ತಿತ್ತು. ‘ಅಪವಾದದ ಸಂದರ್ಭ’ ಎಂಬುದಕ್ಕೆ ಮಾನದಂಡ ಕೊಡುವ ಉದಾಹರಣೆ ಇಂಥದ್ದೇ. ಇಲ್ಲಿಂದ ದಾರಿ ತೋರಿಸುವುದು ನಂತರದ ಘಟನೆಗಳ ಕುರಿತ ಮಾನದಂಡ ಐಎಸ್‌ಎ 560. ಆಡಳಿತ ಮಂಡಳಿಯೊಂದಿಗೆ ಚರ್ಚಿಸಬೇಕು, ಲೆಕ್ಕಪತ್ರ ತಿದ್ದಬೇಕೇ ಎಂದು ನಿರ್ಧರಿಸಬೇಕು, ಅವರು ಏನು ಮಾಡಲಿದ್ದಾರೆ ಎಂದು ಕೇಳಬೇಕು. ತಿದ್ದಿದರೆ, ತಿದ್ದಿದ ಭಾಗವನ್ನು ಪರೀಕ್ಷಿಸಿ, ಹಳೆಯ ವರದಿ ಪಡೆದವರಿಗೆ ಸುದ್ದಿ ಮುಟ್ಟಿಸಲು ಅವರು ಕೈಗೊಂಡ ಕ್ರಮಗಳನ್ನು ನೋಡಿ, ಯಾಕೆ ಬದಲಾಯಿತು ಎಂಬುದರತ್ತ ಗಮನ ಸೆಳೆಯುವ ಪ್ಯಾರಾ ಇರುವ ಹೊಸ ವರದಿ ಕೊಡಬೇಕು. ಹೊಸ ವರದಿಗೆ ಹೊಸ ದಿನಾಂಕ, ಅದಕ್ಕೆ ತಕ್ಕಂತೆ ಜೋಡಣೆಯ ಹೊಸ ಗಡುವು. ಫೈಲಿನೊಳಗೆ ‘ಬಾಕಿ ಪೂರ್ತಿ ವಸೂಲಾಗುತ್ತದೆ’ ಎಂದು ತೀರ್ಮಾನಿಸಿದ ಹಳೆಯ ಪೇಪರ್ ಹಾಗೆಯೇ ಇರಬೇಕು. ಅದರ ಮೇಲೆ ಬರೆಯಬಾರದು. ಪಕ್ಕದಲ್ಲಿ ಹೊಸದು ಬರಲಿ, ಒಂದರಿಂದ ಇನ್ನೊಂದಕ್ಕೆ ಉಲ್ಲೇಖ ಇರಲಿ.

ಗ್ರಾಹಕನ ಗೋದಾಮಿಗೆ ಜುಲೈನಲ್ಲಿ ಬೆಂಕಿ ಬಿದ್ದು ಅವನು ದಿವಾಳಿಯಾದರೆ? ಅದು ವರದಿಯ ದಿನ ಇದ್ದ ಸಂಗತಿಯಲ್ಲ. ಅದಕ್ಕಾಗಿ ಹಳೆಯ ಫೈಲ್ ತೆರೆಯುವ ಕಾರಣವಿಲ್ಲ.

ಇನ್ನು ಜೋಡಣೆಯ ಕೆಲಸ. ಈ ಅವಧಿಯಲ್ಲಿ ಹಳೆಯ ಕರಡುಗಳನ್ನು, ನಕಲು ಪ್ರತಿಗಳನ್ನು ತೆಗೆದುಹಾಕಬಹುದು. ಪೇಪರುಗಳನ್ನು ವಿಂಗಡಿಸಿ ಅಡ್ಡ ಉಲ್ಲೇಖ ಹಾಕಬಹುದು. ಜೋಡಣೆಗೆ ಸಂಬಂಧಿಸಿದ ಚೆಕ್‌ಲಿಸ್ಟಿಗೆ ಸಹಿ ಮಾಡಬಹುದು. ಕರಡು ತೆಗೆಯುವಾಗ ಒಂದೇ ಎಚ್ಚರಿಕೆ: ಮಹತ್ವದ ವಿಷಯವೊಂದರಲ್ಲಿ ಅಂತಿಮ ತೀರ್ಮಾನಕ್ಕೆ ವಿರುದ್ಧವಾದ ಮಾಹಿತಿ ಸಿಕ್ಕಿದ್ದರೆ, ಅದನ್ನು ಹೇಗೆ ಬಗೆಹರಿಸಿದಿರಿ ಎಂಬುದು ಫೈಲಿನಲ್ಲಿ ಇರಲೇಬೇಕು. ತಪ್ಪು ಕೂಡಿಕೆಯ ಹಳೆಯ ಶೀಟು ಹೋಗಲಿ. ತಂಡದ ತಜ್ಞರು ಮೊದಲು ಬೇರೆ ಅಭಿಪ್ರಾಯ ಕೊಟ್ಟಿದ್ದ ಮೆಮೊ ಕರಡಲ್ಲ. ತಪಾಸಣೆಯ ಅಥವಾ ಮೊಕದ್ದಮೆಯ ಸೂಚನೆ ಬಂದಿದ್ದರಂತೂ 60 ದಿನದ ಒಳಗಿದ್ದರೂ ಏನನ್ನೂ ತೆಗೆಯಬೇಡಿ.

ಸಹಿಗಳ ತಾರೀಖಿನಲ್ಲಿ ಆಗುವ ತೊಂದರೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಾರ್ಟ್ನರ್ ಪರಿಶೀಲನೆ ವರದಿಯ ದಿನಾಂಕದೊಳಗೆ ಮುಗಿದಿರಬೇಕು. ಕೆಲವು ಆಡಿಟ್ ಸಾಫ್ಟ್‌ವೇರ್‌ಗಳಲ್ಲಿ ಪೇಪರನ್ನು ಮುಟ್ಟಿದ ಕೂಡಲೇ ಹಳೆಯ ಸೈನ್‌ಆಫ್ ಅಳಿಸಿಹೋಗುತ್ತದೆ, ಇಲ್ಲವೇ ‘ಸಹಿಯ ನಂತರ ಬದಲಾಗಿದೆ’ ಎಂಬ ಗುರುತು ಬೀಳುತ್ತದೆ. ಅಸಿಸ್ಟೆಂಟ್ ಜೂನ್ 20ರಂದು ಒಂದು ಅಡ್ಡ ಉಲ್ಲೇಖ ಸೇರಿಸುತ್ತಾರೆ, ಸೈನ್‌ಆಫ್ ಹೋಗುತ್ತದೆ, ಪಾರ್ಟ್ನರ್ ಮತ್ತೆ ಸಹಿ ಮಾಡುತ್ತಾರೆ. ಈಗ ನೋಡುವವರಿಗೆ ಪಾರ್ಟ್ನರ್ ಪರಿಶೀಲಿಸಿದ್ದೇ ಜೂನ್ 20ಕ್ಕೆ ಎಂದು ಕಾಣುತ್ತದೆ. ಹೀಗಾಗಿ ಪಾರ್ಟ್ನರ್ ನೋಡಿ ಮುಗಿಸಿದ ಪೇಪರುಗಳನ್ನು ಮುಟ್ಟದೆ, ಉಲ್ಲೇಖಗಳನ್ನು ಇಂಡೆಕ್ಸ್ ಪುಟದಲ್ಲಿ ಕೊಡುವುದು ಮೇಲು. ಮುಟ್ಟಲೇಬೇಕಾದರೆ ಏನು ಬದಲಾಯಿತು ಎಂಬ ಒಂದು ಸಾಲು ಅದೇ ದಿನ ಅದರೊಳಗೇ ಬರೆಯಿರಿ.

ಎಕ್ಸೆಲ್ ಶೀಟುಗಳಲ್ಲಿ ಇನ್ನೊಂದು ಸಣ್ಣ ಬಲೆ ಇದೆ. ‘ತಯಾರಿಸಿದ ದಿನಾಂಕ’ ಎಂಬ ಕೋಶದಲ್ಲಿ ಯಾರೋ `=TODAY()` ಎಂದು ಹಾಕಿರುತ್ತಾರೆ. ಆ ಶೀಟನ್ನು ಯಾವಾಗ ತೆರೆದರೂ ಅಂದಿನ ತಾರೀಖೇ ಕಾಣುತ್ತದೆ. ಮೂರು ವರ್ಷದ ಮೇಲೆ ತಪಾಸಣೆಯ ದಿನ ತೆರೆದರೆ, ತಯಾರಿಸಿದ್ದು ಇವತ್ತೇ ಎಂದು ಶೀಟೇ ಹೇಳುತ್ತದೆ. ಲಾಕ್ ಮಾಡುವ ಮೊದಲು ಇಂಥ ಕೋಶಗಳಲ್ಲಿ ನಿಜವಾಗಿ ತಯಾರಿಸಿದ ತಾರೀಖನ್ನು ಅಂಕಿಯಾಗಿ ಬರೆಯಿರಿ. ಬೇರೆ ಫೈಲುಗಳಿಗೆ ಹೋಗುವ ಲಿಂಕುಗಳನ್ನೂ ಮುರಿದು ಮೌಲ್ಯವಾಗಿ ಇಡಿ, ಏಕೆಂದರೆ ಆ ಫೈಲುಗಳು ನಾಳೆ ಅದೇ ಜಾಗದಲ್ಲಿ ಇರುವ ಖಾತ್ರಿಯಿಲ್ಲ. ಸರ್ವರ್ ಬೇರೆ ಸಮಯವಲಯದಲ್ಲಿದ್ದರೆ ಸಹಿಯ ಸಮಯ ಹಿಂದೆ ಮುಂದೆ ತೋರಿಸಬಹುದು. ಮೇ 30ರ ರಾತ್ರಿ ಮಾಡಿದ ಸೈನ್‌ಆಫ್ 31ರದ್ದಾಗಿ ಕಾಣುವ ವ್ಯವಸ್ಥೆಯಾದರೆ, ಸಾಫ್ಟ್‌ವೇರ್ ಯಾವ ವಲಯದ ಸಮಯ ದಾಖಲಿಸುತ್ತದೆ ಎಂಬುದನ್ನು ಫೈಲಿನಲ್ಲಿಯೇ ಬರೆದಿಡಿ.

60ನೇ ದಿನಕ್ಕೆ ಕಾಯುವುದು ನನಗೆ ಒಪ್ಪಿಗೆಯಿಲ್ಲ. 60 ಎಂಬುದು ಹೊರಗಿನ ಮಿತಿ. ತಂಡ ಮುಂದಿನ ಕೆಲಸಕ್ಕೆ ಹೋದ ಮೇಲೆ ಯಾವ ಇಮೇಲ್ ಯಾರ ಇನ್‌ಬಾಕ್ಸಿನಲ್ಲಿದೆ ಎಂಬ ನೆನಪು ಬೇಗ ಮಸುಕಾಗುತ್ತದೆ. ಸಹಿಯಾದ ಮೊದಲ ವಾರದಲ್ಲಿಯೇ ಸೈನ್‌ಆಫ್ ಇಲ್ಲದ ಪೇಪರುಗಳ, ಉತ್ತರವಿಲ್ಲದ ರಿವ್ಯೂ ಪ್ರಶ್ನೆಗಳ, ಹೊರಗೆ ಉಳಿದ ಇಮೇಲುಗಳ ಪಟ್ಟಿ ತೆಗೆದರೆ ಮೇಲೆ ಹೇಳಿದ ಎರಡನೆಯ ಬಗೆಯ ಲೋಪವೂ ಆಗಲೇ ಸಿಗುತ್ತದೆ. ಸಿಕ್ಕಷ್ಟು ಬೇಗ ಅದನ್ನು ನೇರವಾಗಿ ಎದುರಿಸುವುದು ಸುಲಭ.

ಆಡಿಟ್ ಸಾಫ್ಟ್‌ವೇರ್ ಇದ್ದರೆ ಲಾಕ್ ಅದರೊಳಗೇ ಆಗುತ್ತದೆ. ಬರೀ ಫೋಲ್ಡರುಗಳಲ್ಲಿ ಕೆಲಸ ಮಾಡುವ ಸಣ್ಣ ಕಚೇರಿಯೂ ಇದನ್ನು ಅಚ್ಚುಕಟ್ಟಾಗಿ ಮಾಡಬಹುದು. ಇಡೀ ಫೋಲ್ಡರನ್ನು ಒಂದು ಜಿಪ್ ಮಾಡಿ, ತಂಡಕ್ಕೆ ಬರೆಯುವ ಅನುಮತಿ ಇಲ್ಲದ ಜಾಗದಲ್ಲಿಟ್ಟು, ಅದರ ಹ್ಯಾಶ್, ಅಂದರೆ ಒಳಗಿರುವುದರಿಂದ ಲೆಕ್ಕಹಾಕಿದ ಬೆರಳಚ್ಚಿನಂಥ ಗುರುತು, ತೆಗೆಯಿರಿ. ವಿಂಡೋಸಿನಲ್ಲಿ ಆಜ್ಞೆ ಹೀಗೆ:

```
certutil -hashfile AuditFile.zip SHA256
```

64 ಅಕ್ಷರಗಳ ಒಂದು ಸಾಲು ಬರುತ್ತದೆ. ಜಿಪ್ಪಿನಲ್ಲಿ ಒಂದು ಅಲ್ಪವಿರಾಮ ಬದಲಾದರೂ ಆ ಸಾಲು ಬೇರೆಯಾಗುತ್ತದೆ. ಅದನ್ನು ಲಾಕ್ ರಿಜಿಸ್ಟರಿನಲ್ಲಿ, ವರದಿಯ ದಿನಾಂಕ, ಲಾಕ್ ದಿನಾಂಕ ಮತ್ತು ಲಾಕ್ ಮಾಡಿದವರ ಹೆಸರಿನೊಂದಿಗೆ ಬರೆಯಿರಿ. ರಿಜಿಸ್ಟರ್ ಆಡಿಟ್ ತಂಡದ ಹೊರಗಿನವರ ಕೈಯಲ್ಲಿರಲಿ. ಲಾಕ್ ಆದ ಮೇಲೆ ಏನೂ ಬದಲಾಗಿಲ್ಲ ಎಂಬುದಕ್ಕೆ ಮಾತ್ರ ಹ್ಯಾಶ್ ಸಾಕ್ಷಿ. ಒಳಗಿರುವುದು ಸರಿಯೇ ಎಂಬುದನ್ನು ಅದು ಹೇಳುವುದಿಲ್ಲ.

ಲಾಕ್ ಆದ ಮೇಲಿನ ನಿಯಮಕ್ಕೆ ಎರಡು ಭಾಗ. ಉಳಿಸಿಕೊಳ್ಳಬೇಕಾದ ಅವಧಿ ಮುಗಿಯುವ ತನಕ ಯಾವ ಬಗೆಯ ಆಡಿಟ್ ದಾಖಲೆಯನ್ನೂ ತೆಗೆಯಬಾರದು, ಎಸೆಯಬಾರದು. ಇರುವುದನ್ನು ಮಾರ್ಪಡಿಸುವ ಅಥವಾ ಹೊಸದನ್ನು ಸೇರಿಸುವ ಅಗತ್ಯ ಬಿದ್ದರೆ, ಬದಲಾವಣೆ ಎಂಥದ್ದೇ ಇರಲಿ, ಅದಕ್ಕೆ ನಿರ್ದಿಷ್ಟ ಕಾರಣ ಏನು, ಯಾರು, ಯಾವಾಗ ಮಾಡಿದರು, ಯಾರು, ಯಾವಾಗ ಪರಿಶೀಲಿಸಿದರು ಎಂದು ಬರೆಯಬೇಕು. ಮಾರ್ಪಡಿಸುವುದು ಎಂದರೂ ಹಳೆಯ ರೂಪ ಓದಲು ಸಿಗಬೇಕು. ಮೂಲ ಜಿಪ್ಪನ್ನು ಮುಟ್ಟದೆ, ಪಕ್ಕದಲ್ಲಿ ‘ಸೇರ್ಪಡೆ 1’ ಎಂದು ಬೇರೆ ಜಿಪ್ ಮಾಡಿ ಅದಕ್ಕೂ ಹ್ಯಾಶ್ ತೆಗೆಯುವುದು ಅತ್ಯಂತ ಸುರಕ್ಷಿತ.

ಇಂಥ ಸೇರ್ಪಡೆ ಸಾಮಾನ್ಯವಾಗಿ ಬರುವುದು ತಪಾಸಣೆಯಿಂದ. ನಮ್ಮ ಉದಾಹರಣೆಯಲ್ಲಿ, ಡೆಟರ್ಸ್ ಸ್ಯಾಂಪಲ್ಲಿನಿಂದ ಎರಡು ಸಣ್ಣ ಬಾಕಿಗಳನ್ನು ಯಾಕೆ ಬಿಟ್ಟಿರಿ ಎಂದು ಒಳಗಿನ ಗುಣಮಟ್ಟ ತಪಾಸಕರು ಕೇಳಿದರು ಎನ್ನಿ. ಕಾರಣ ಯೋಜನಾ ಮೆಮೊದಲ್ಲಿದೆ, ಸ್ಯಾಂಪಲ್ ಶೀಟಿನಲ್ಲಿ ಉಲ್ಲೇಖ ಇಲ್ಲ. ಆಗ ಹೀಗೆ ಬರೆಯಬಹುದು: ‘ಒಳ ತಪಾಸಣೆಯ ಪ್ರಶ್ನೆಯ ಮೇಲೆ, ಇರುವ ದಾಖಲೆಯನ್ನು ಸ್ಪಷ್ಟಪಡಿಸಲು ಸೇರಿಸಿದ ಟಿಪ್ಪಣಿ. ಎರಡೂ ಬಾಕಿಗಳು ಯೋಜನಾ ಮೆಮೊದಲ್ಲಿ ನಿಗದಿಯಾದ ಮಿತಿಗಿಂತ ಕೆಳಗಿವೆ. ಹೊಸ ಪರೀಕ್ಷೆ ಮಾಡಿಲ್ಲ, ತೀರ್ಮಾನ ಬದಲಾಗಿಲ್ಲ.’ ಕೆಳಗೆ ಬರೆದವರ ಮತ್ತು ನೋಡಿದವರ ಹೆಸರು, ಬರೆದ ದಿನದ ತಾರೀಖು. ಫೈಲಿನೊಳಗೆ ಇರುವುದನ್ನು ಬೆರಳಿಟ್ಟು ತೋರಿಸುವುದು ಸ್ಪಷ್ಟೀಕರಣ. ಯೋಜನಾ ಮೆಮೊದಲ್ಲಿ ಆ ಮಿತಿಯೇ ಇಲ್ಲದಿದ್ದರೆ ಈ ಟಿಪ್ಪಣಿ ಸ್ಪಷ್ಟೀಕರಣವಾಗದು, ಕಟ್ಟಿದ ಕಾರಣವಾಗುತ್ತದೆ. ಬಾಯಿಮಾತಿನ ವಿವರಣೆ ಇರುವ ದಾಖಲೆಯನ್ನು ಬಿಡಿಸಿ ಹೇಳಬಲ್ಲದು. ಮಾಡಿದ ಕೆಲಸಕ್ಕೆ ತಾನೊಂದೇ ಆಧಾರವಾಗಲಾರದು.

ಈ ಗೆರೆ ದಾಟಿದರೆ ಏನಾಗುತ್ತದೆ ಎಂಬುದಕ್ಕೆ 2022ರ ಒಂದು ಆದೇಶ ಸಾಕು. ಕ್ಯಾರಿಲಿಯನ್ ಮತ್ತು ರೀಜನರ್ಸಿಸ್ ಕಂಪನಿಗಳ ಆಡಿಟ್ ಫೈಲುಗಳ ತಪಾಸಣೆಯ ವೇಳೆ ತಪಾಸಕರಿಗೆ ಸುಳ್ಳು ಮತ್ತು ದಾರಿ ತಪ್ಪಿಸುವ ಮಾಹಿತಿ ಕೊಟ್ಟದ್ದಕ್ಕೆ ಬ್ರಿಟನ್ನಿನಲ್ಲಿ ಕೆಪಿಎಂಜಿಗೆ 1.44 ಕೋಟಿ ಪೌಂಡ್ ದಂಡ ಬಿತ್ತು. ಆ ಪ್ರಕರಣದ ವಿಷಯ ಆಡಿಟ್ ಚೆನ್ನಾಗಿತ್ತೇ ಎಂಬುದಾಗಿರಲಿಲ್ಲ, ತಪಾಸಕರ ಮುಂದೆ ಏನಿಟ್ಟರು ಎಂಬುದಾಗಿತ್ತು.

ಉಳಿಸಿಕೊಳ್ಳುವ ಅವಧಿಗೆ ಬಂದರೆ, ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಅದು ಸಾಮಾನ್ಯವಾಗಿ ವರದಿಯ ದಿನಾಂಕದಿಂದ ಐದು ವರ್ಷಕ್ಕೆ ಕಡಿಮೆ ಇರಬಾರದು. ಕಂಪನಿ ಒಂದು ಗ್ರೂಪಿನ ಭಾಗವಾಗಿದ್ದು ಗ್ರೂಪ್ ವರದಿ ಆಮೇಲೆ ಬಂದಿದ್ದರೆ ಆ ದಿನಾಂಕದಿಂದ ಎಣಿಸಬೇಕು. ನಮ್ಮ ಕಂಪನಿಯ ಗ್ರೂಪ್ ವರದಿ ಜೂನ್ 18ರದ್ದಾದರೆ ಐದು ವರ್ಷ ಶುರುವಾಗುವುದು ಜೂನ್ 18ರಿಂದ. ಪಿಸಿಎಒಬಿ ನಿಯಮದಲ್ಲಿ ಏಳು ವರ್ಷ. ಭಾರತದಲ್ಲಿ ಗುಣಮಟ್ಟ ನಿಯಂತ್ರಣದ ಮಾನದಂಡ ಎಸ್‌ಕ್ಯೂಸಿ 1 ಹೇಳಿದ್ದೂ ಏಳು. ಸ್ಥಳೀಯ ಕಾನೂನು ಹೆಚ್ಚು ಕೇಳಿದರೆ ಅದನ್ನೇ ಪಾಲಿಸಬೇಕು.

ಎಡವುವುದು ಹೆಚ್ಚಾಗಿ ಪರ್ಮನೆಂಟ್ ಫೈಲಿನಲ್ಲಿ, ಅಂದರೆ ವರ್ಷದಿಂದ ವರ್ಷಕ್ಕೆ ಬಳಸುವ ಕಾಗದಗಳ ಫೈಲಿನಲ್ಲಿ. ಆರು ವರ್ಷದ ಹಿಂದಿನ ಗುತ್ತಿಗೆ ಕರಾರನ್ನು ಈ ವರ್ಷದ ಆಡಿಟ್ಟಿಗೂ ಆಧಾರವಾಗಿ ಬಳಸಿದ್ದೀರಿ ಎನ್ನಿ. ಹಳೆಯ ಫೈಲಿನ ಅವಧಿ ಮುಗಿಯಿತೆಂದು ಅದನ್ನು ತೆಗೆದರೆ ಈ ವರ್ಷದ ಫೈಲ್ ಕುಂಟುತ್ತದೆ. ಪ್ರತಿ ವರ್ಷ ಬಳಸಿದ ಕರಾರಿನ ಪ್ರತಿಯನ್ನು ಆ ವರ್ಷದ ಫೈಲಿನೊಳಗೇ ಇಟ್ಟು ಲಾಕ್ ಮಾಡಿದರೆ ಈ ತೊಡಕಿಲ್ಲ. ಇಟ್ಟಿದ್ದು ಓದಲು ಸಿಗಬೇಕು ಎಂಬುದೂ ಉಳಿಸಿಕೊಳ್ಳುವುದರ ಭಾಗವೇ. ಸಾಫ್ಟ್‌ವೇರ್ ಲೈಸೆನ್ಸ್ ನಿಲ್ಲಿಸುವ ಮೊದಲು ಫೈಲುಗಳನ್ನು ಸಾಮಾನ್ಯ ರೂಪಕ್ಕೆ ಇಳಿಸಿ. ಪಾಸ್‌ವರ್ಡ್ ಹಾಕಿದ ಪಿಡಿಎಫ್‌ಗಳ ಪಾಸ್‌ವರ್ಡನ್ನು ಲಾಕ್‌ಗೆ ಮೊದಲೇ ತೆಗೆಯಿರಿ. ವರ್ಷಕ್ಕೊಮ್ಮೆ ಒಂದೆರಡು ಹಳೆಯ ಜಿಪ್ ತೆರೆದು, ಹ್ಯಾಶನ್ನು ರಿಜಿಸ್ಟರಿನೊಂದಿಗೆ ತಾಳೆ ನೋಡಿ.

ಅವಧಿ ಮುಗಿದ ಫೈಲನ್ನು ವಿಲೇವಾರಿ ಮಾಡುವ ದಿನ, ತಡೆಹಿಡಿಯುವ ಸೂಚನೆ ಏನಾದರೂ ಇದೆಯೇ ಎಂದು ಮೊದಲು ನೋಡಬೇಕು: ನಡೆಯುತ್ತಿರುವ ಮೊಕದ್ದಮೆ, ತಪಾಸಣೆ, ನಿಯಂತ್ರಕರ ಪತ್ರ. ಇದ್ದರೆ ಅದು ತೀರುವ ತನಕ ಇಡಿ. ಇಲ್ಲದಿದ್ದರೆ ಬ್ಯಾಕಪ್ ಪ್ರತಿಗಳೂ ಸೇರಿ ಎಲ್ಲ ಪ್ರತಿಗಳೂ ಒಟ್ಟಿಗೆ ಹೋಗಲಿ. ರಿಜಿಸ್ಟರಿನ ಸಾಲಿಗೆ ವಿಲೇವಾರಿಯ ತಾರೀಖು ಮತ್ತು ಅನುಮತಿ ಕೊಟ್ಟವರ ಹೆಸರು ಸೇರುತ್ತದೆ, ಸಾಲು ಮಾತ್ರ ಅಳಿಸುವುದಿಲ್ಲ.